ಆ 20 ಶೇಕಡಾ ಯಾವ ಗಿಡದ್ದು?

ನನ್ನ ಮೊದಲ ಇಂಟರ್ನ್‌ಶಿಪ್‌ನ ಎರಡನೇ ತಿಂಗಳು. ನನಗೆ ಕೊಟ್ಟ ಕೆಲಸ ಒಂದೇ ಸಾಲಿನದು: ಕಾಡು ಹತ್ತಿರ ಇದ್ದರೆ ಕಾಫಿಯಲ್ಲಿ ಕಾಯಿ ಜಾಸ್ತಿ ಕಚ್ಚುತ್ತದಾ ಅಂತ ಇದುವರೆಗೆ ಯಾರು ಏನು ಬರೆದಿದ್ದಾರೆ, ನೋಡಿ ಹೇಳು. ಇದಕ್ಕೇ ರಿವ್ಯೂ ಅನ್ನುವುದು. ಕೊಡಗಿನಲ್ಲಿ ಈ ಪ್ರಶ್ನೆ ಯಾಕೆ ಬರುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತೋಟದ ಬೇಲಿ ದಾಟಿದರೆ ದೇವರಕಾಡು. ಆ ಕಾಡಿನ ಮರದಲ್ಲಿ ಹೆಜ್ಜೇನು. ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾದಾಗ ಆ ಜೇನು ಎಲ್ಲಿಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು.

ನಾನು ಸಿಕ್ಕ ಸಿಕ್ಕ ಸಂಶೋಧನಾ ಪೇಪರ್ ಎಲ್ಲ ಇಳಿಸಿಕೊಂಡೆ. ಅರವತ್ತರ ಮೇಲೆ ಇದ್ದವು. ಮೀಟಿಂಗ್ ದಿನ ಸ್ಲೈಡ್ ಹಾಕಿದೆ: "ಕಾಡಿನ ಹತ್ತಿರ ಕಾಫಿ ಇಳುವರಿ ಶೇ. 20 ಜಾಸ್ತಿ." ನಮ್ಮ ಗೈಡ್ ಮೇಡಂ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಆ 20 ಶೇಕಡಾ ಯಾವ ಗಿಡದ್ದು? ಅರೇಬಿಕಾನಾ, ರೋಬಸ್ಟಾನಾ? ಹತ್ತಿರ ಅಂದರೆ ಎಷ್ಟು ದೂರ?"

ನನಗೆ ಗೊತ್ತಿರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಹುಡುಕಿದೆ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ `main.pdf`, `main(3).pdf`, `12579.full.pdf` ಅಂತ ಸಾಲು ಸಾಲು ಇವೆ. ನೋಟ್‌ಬುಕ್‌ನಲ್ಲಿ ನಾನೇ ಬರೆದದ್ದು, "ಕಾಡು ಹತ್ರ 20% ಜಾಸ್ತಿ, ಮುಖ್ಯ!!" ಎರಡು ಆಶ್ಚರ್ಯಸೂಚಕ ಚಿಹ್ನೆ ಇತ್ತು. ಊರಿನ ಹೆಸರಿಲ್ಲ, ಗಿಡದ ಹೆಸರಿಲ್ಲ, ಬರೆದವರ ಹೆಸರೂ ಇಲ್ಲ. ಆ ಪೇಪರ್ ಸಿಕ್ಕಿದ್ದು ಮೂರನೇ ದಿನ. ಅದು ಕೋಸ್ಟರಿಕಾದ ಒಂದು ತೋಟದ್ದು. ಗಿಡ ಅರೇಬಿಕಾ. ನಾವು ಮಾತಾಡುತ್ತಿದ್ದದ್ದು ವಿರಾಜಪೇಟೆ ಕಡೆಯ ರೋಬಸ್ಟಾ ತೋಟಗಳ ಬಗ್ಗೆ.

ಇದು ಸಣ್ಣ ವ್ಯತ್ಯಾಸ ಅಂತ ಅನ್ನಿಸಬಹುದು, ಆದರೆ ಅಲ್ಲ. ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಅದನ್ನು ಗಾಳಿಯೋ ಜೇನೋ ತರಬೇಕು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಇಡೀ ರಿವ್ಯೂ ದಾರಿ ತಪ್ಪುತ್ತದೆ.

ಹಾಗಾಗಿ ಪೇಪರ್ ಬೇಗ ಓದುವುದು, ಟಿಪ್ಪಣಿ ಬರೆದಿಡುವುದು ಹೇಗೆ ಅಂತ ಇವತ್ತು ನಾನು ಹೇಳುವುದೆಲ್ಲ ಆ ಒಂದು ಪೇಪರ್ ಸುತ್ತ. ಅದನ್ನು ಆವತ್ತು ಹೇಗೆ ಓದಿದ್ದರೆ, ಏನು ಬರೆದಿಟ್ಟಿದ್ದರೆ ಮೇಡಂ ಪ್ರಶ್ನೆಗೆ ಕೂತಲ್ಲೇ ಉತ್ತರ ಕೊಡಬಹುದಿತ್ತು?

ಮೊದಲು ಹುಡುಕುವ ಮಾತು. ಬೇಗ ಓದುವುದು ಇಲ್ಲಿಂದಲೇ ಶುರು, ಯಾಕೆಂದರೆ ಬೇಡದ ಪೇಪರ್ ಓದದೇ ಇರುವುದರಷ್ಟು ಸಮಯ ಇನ್ಯಾವುದೂ ಉಳಿಸುವುದಿಲ್ಲ. ನಾನು ಮೊದಲು ಹುಡುಕಿದ ಪದಗಳು `robusta` ಮತ್ತು `Kodagu`. ಎರಡೂ ಮೋಸ ಮಾಡಿದವು. ರೋಬಸ್ಟಾದ ವೈಜ್ಞಾನಿಕ ಹೆಸರು `Coffea canephora`, ಎಷ್ಟೋ ಲೇಖಕರು ಶೀರ್ಷಿಕೆಯಲ್ಲಿ ಅದನ್ನೇ ಬರೆಯುತ್ತಾರೆ. ಕೊಡಗು ಅನ್ನುವುದು ಹಳೆಯ ಲೇಖನಗಳಲ್ಲಿ `Coorg`. ಹೊಸ ಲೇಖನಗಳಲ್ಲೂ ಹೊರದೇಶದ ಓದುಗರಿಗೆ ತಿಳಿಯಲಿ ಅಂತ ಪಶ್ಚಿಮ ಘಟ್ಟ ಅಂತಲೋ ದಕ್ಷಿಣ ಭಾರತ ಅಂತಲೋ ಬರೆದಿರುತ್ತಾರೆ. ನಮ್ಮ ಜಿಲ್ಲೆಯ ಕಾಫಿ ಮತ್ತು ಜೇನಿನ ಬಗ್ಗೆ 2012ರಲ್ಲಿ ಬಂದ ಒಂದು ಒಳ್ಳೆಯ ಅಧ್ಯಯನದ ಶೀರ್ಷಿಕೆಯಲ್ಲಿ ಇರುವುದು 'ಸೌತ್ ಇಂಡಿಯಾ' ಅಂತ ಮಾತ್ರ. ಶೀರ್ಷಿಕೆಯಲ್ಲಿ ಕೊಡಗು ಹುಡುಕುತ್ತಾ ಕೂತ ನನಗೆ ನಮ್ಮ ಮನೆ ಹಿತ್ತಲಿನ ಪೇಪರೇ ಕೊನೆಗೆ ಸಿಕ್ಕಿತು ನೋಡಿ.

ಆಮೇಲೆ ಬಳಸಿದ ಹುಡುಕಾಟದ ಸಾಲು ಇದು:

```
(coffee OR arabica OR canephora OR robusta)
AND (pollination OR bees) AND ("fruit set" OR yield)
```

ಮೊದಲು ಜಾಗದ ಹೆಸರಿಲ್ಲದೆ ಹುಡುಕಿ. ನಂತರ `Coorg OR Kodagu OR "Western Ghats"` ಸೇರಿಸಿ ಇನ್ನೊಮ್ಮೆ. ಯಾವ ದಿನ, ಎಲ್ಲಿ, ಯಾವ ಸಾಲು ಹಾಕಿದಿರಿ, ಎಷ್ಟು ಬಂತು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ಒಂದು ತಿಂಗಳ ನಂತರ ಅದೇ ಹುಡುಕಾಟವನ್ನು ಹೊಸದು ಅಂದುಕೊಂಡು ಮತ್ತೆ ಮಾಡುತ್ತೀರಿ. ನಾನು ಮಾಡಿದ್ದೇನೆ.

ಈಗ ಓದುವುದು. ಕೇಶವ್ ಅನ್ನುವ ಕಂಪ್ಯೂಟರ್ ವಿಜ್ಞಾನಿ 2007ರಲ್ಲಿ ಪೇಪರ್ ಓದುವುದರ ಬಗ್ಗೆಯೇ ಒಂದು ಪುಟ್ಟ ಪೇಪರ್ ಬರೆದರು. ಮೂರು ಸುತ್ತಿನಲ್ಲಿ ಓದಿ ಅನ್ನುತ್ತಾರೆ ಅವರು. ಮೊದಲ ಸುತ್ತು ಐದರಿಂದ ಹತ್ತು ನಿಮಿಷ, ಎರಡನೆಯದು ಹೆಚ್ಚೆಂದರೆ ಒಂದು ಗಂಟೆ, ಮೂರನೆಯದು ಹೊಸಬರಿಗೆ ನಾಲ್ಕೈದು ಗಂಟೆಯೂ ಆಗಬಹುದು. ಸುತ್ತು ಸುತ್ತಾಗಿ ಓದುವ ಆ ಪದ್ಧತಿ ನನಗೆ ಇಷ್ಟ. ಆದರೆ ಅವರು ಬರೆದದ್ದು ಕಂಪ್ಯೂಟರ್ ಪೇಪರ್‌ಗಳನ್ನು ಓದುವವರಿಗೆ. ತೋಟದಲ್ಲಿ, ಕಾಡಿನಲ್ಲಿ ಅಳೆದು ಬರೆದ ಪೇಪರ್‌ಗಳಿಗೆ ಮೊದಲ ಸುತ್ತಿನಲ್ಲೇ ಒಂದು ಬದಲಾವಣೆ ಬೇಕು ಅಂತ ನನ್ನ ಅಭಿಪ್ರಾಯ. ಸಾರಾಂಶ ಓದಿದ ಕೂಡಲೇ ಪೀಠಿಕೆಗೆ ಹೋಗಬೇಡಿ. ನೇರ ಮೆಥಡ್ಸ್‌ಗೆ, ಅಂದರೆ ಕೆಲಸ ಹೇಗೆ ಮಾಡಿದರು ಅಂತ ಬರೆದಿರುವ ಭಾಗಕ್ಕೆ ಹೋಗಿ. ಅದರಲ್ಲೂ ಮೊದಲ ಎರಡು ಪ್ಯಾರಾ, ಅಂದರೆ ಯಾವ ಜಾಗ, ಯಾವ ಗಿಡ, ಎಷ್ಟು ತೋಟ, ಎಷ್ಟು ವರ್ಷ. ಆಮೇಲೆ ಮುಖ್ಯವಾದ ಒಂದು ಚಿತ್ರ ಅಥವಾ ಕೋಷ್ಟಕ. ಅಷ್ಟೇ.

ಪೀಠಿಕೆ ಯಾಕೆ ಬೇಡ? ಅದು ಚೆನ್ನಾಗಿರುತ್ತದೆ, ಅದೇ ತೊಂದರೆ. ಅಲ್ಲಿ ಇರುವುದೆಲ್ಲ ಬೇರೆಯವರ ಮಾತು. ಹೊಸಬರು ಅಲ್ಲೇ ಅರ್ಧ ಗಂಟೆ ಕಳೆದು, ಗೆರೆ ಎಳೆದು, ಕೊನೆಗೆ ಆ ಪೇಪರ್‌ನವರು ಸ್ವತಃ ಏನು ಮಾಡಿದರು ಅಂತ ತಿಳಿಯದೆ ಎದ್ದು ಬರುತ್ತಾರೆ. ನನ್ನ ಹಳೆಯ ಪ್ರಿಂಟ್‌ಔಟ್‌ಗಳಲ್ಲಿ ಮೊದಲ ಪುಟ ಪೂರ್ತಿ ಹಳದಿ, ಮೂರನೇ ಪುಟ ಹಾಲಿನ ಹಾಗೆ ಬೆಳ್ಳಗೆ.

ಆ ಕೋಸ್ಟರಿಕಾ ಪೇಪರ್ ಮೇಲೆ ಇದನ್ನು ಮಾಡಿ ನೋಡೋಣ. ಬರೆದವರು ರಿಕೆಟ್ಸ್ ಮತ್ತು ಜೊತೆಯವರು, ವರ್ಷ 2004, ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದದ್ದು. ನಾಲ್ಕೇ ಪುಟ. ಸಾರಾಂಶದಲ್ಲೇ ನಾಲ್ಕು ಸಂಗತಿ ಸಿಗುತ್ತವೆ. ಕಾಡಿನಿಂದ ಸುಮಾರು ಒಂದು ಕಿಲೋಮೀಟರ್ ಒಳಗೆ ಇಳುವರಿ ಶೇ. 20 ಜಾಸ್ತಿ. ಪೀಬೆರಿ, ಅಂದರೆ ಎರಡು ಬೀಜ ಇರಬೇಕಾದಲ್ಲಿ ಒಂದೇ ದುಂಡು ಬೀಜ ಇರುವ ಹಣ್ಣು, ಅದು ಶೇ. 27 ಕಡಿಮೆ. ಲೆಕ್ಕಕ್ಕೆ ತೆಗೆದುಕೊಂಡದ್ದು 46 ಮತ್ತು 111 ಹೆಕ್ಟೇರ್‌ನ ಎರಡು ಕಾಡಿನ ತುಂಡು. 2000ದಿಂದ 2003ರವರೆಗೆ ಆ ಒಂದು ತೋಟಕ್ಕೆ ಇದರಿಂದ ವರ್ಷಕ್ಕೆ ಸುಮಾರು 60,000 ಡಾಲರ್ ಲಾಭ ಅಂತ ಅಂದಾಜು.

ಇಲ್ಲಿಗೆ ಎರಡು ನಿಮಿಷ. ಮೆಥಡ್ಸ್‌ಗೆ ಹೋದರೆ ಗಿಡ ಅರೇಬಿಕಾ ಅಂತ ಸಿಗುತ್ತದೆ. ತೋಟ ಒಂದೇ ಅಂತಲೂ ಸ್ಪಷ್ಟವಾಗುತ್ತದೆ. ಕಾಡಿನಿಂದ ಬೇರೆ ಬೇರೆ ದೂರದಲ್ಲಿ ಗಿಡ ಆರಿಸಿ, ಕೈಯಿಂದ ಪರಾಗ ಹಚ್ಚಿದ ಹೂವನ್ನೂ ಸುಮ್ನೆ ಬಿಟ್ಟ ಹೂವನ್ನೂ ಹೋಲಿಸಿದ್ದಾರೆ ಅಂತ ಗೊತ್ತಾಗುತ್ತದೆ. ಇನ್ನು ನಾಲ್ಕು ನಿಮಿಷ. ಒಟ್ಟು ಆರು. ಮೇಡಂ ಕೇಳಿದ ಎರಡೂ ಪ್ರಶ್ನೆಗೆ ಉತ್ತರ ಈ ಆರು ನಿಮಿಷದಲ್ಲಿತ್ತು. ನಾನು ಅದೇ ಪೇಪರ್ ಮೇಲೆ ಒಂದೂವರೆ ಗಂಟೆ ಕೂತಿದ್ದೆ!

ಆರು ನಿಮಿಷದ ಕೊನೆಗೆ ಒಂದು ತೀರ್ಮಾನ ಮಾಡಬೇಕು: ಪೂರ್ತಿ ಓದುವುದಾ, ಸಾಲು ಬರೆದು ಇಡುವುದಾ, ಬಿಡುವುದಾ. ಬಿಟ್ಟದ್ದಕ್ಕೂ ಯಾಕೆ ಬಿಟ್ಟೆ ಅಂತ ನಾಲ್ಕು ಪದ ಬರೆಯಿರಿ. "ಜೇನು ಸಾಕಣೆ ಬಗ್ಗೆ, ಕಾಯಿ ಅಳೆದಿಲ್ಲ", ಇಷ್ಟು ಸಾಕು. ಅರವತ್ತು ಪೇಪರ್‌ನಲ್ಲಿ ಪೂರ್ತಿ ಓದಬೇಕಾದವು ಹತ್ತು ಹನ್ನೆರಡು ಇದ್ದರೆ ಅದೇ ಜಾಸ್ತಿ. ಒಂದು ಎಚ್ಚರಿಕೆ. ಈ ಮೆಥಡ್ಸ್ ಮೊದಲು ಅನ್ನುವ ಕ್ರಮ ಗಣಿತದ ಪೇಪರ್‌ಗೆ, ಮಾಡೆಲ್ ಕಟ್ಟುವ ಪೇಪರ್‌ಗೆ ನಡೆಯುವುದಿಲ್ಲ. ಬೇರೆಯವರು ಬರೆದ ರಿವ್ಯೂ ಲೇಖನಕ್ಕೂ ಇಲ್ಲ. ಅದನ್ನು ಅದರಲ್ಲಿರುವ ಕೋಷ್ಟಕಕ್ಕಾಗಿ, ಉಲ್ಲೇಖಗಳ ಪಟ್ಟಿಗಾಗಿ ಓದಬೇಕು.

ಬರೆದಿಡುವ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ತೋಟದ ಮನೆಯವರು ಇದ್ದೀರಿ. ರೈಟರ್ ಚೆಕ್‌ರೋಲ್ ಬರೆಯುವುದನ್ನು ನೋಡಿದ್ದೀರಿ ಅಲ್ವಾ? ಯಾರು ಬಂದರು, ಯಾವ ಬ್ಲಾಕಿನಲ್ಲಿ, ಏನು ಕೆಲಸ. ಅವರು ಅದನ್ನು ಕಥೆಯಾಗಿ ಬರೆಯುವುದಿಲ್ಲ. ಕಾಲಂ ಇದೆ, ತುಂಬುತ್ತಾರೆ. ಖಾಲಿ ಇದ್ದರೆ ಕಣ್ಣಿಗೆ ಕಾಣುತ್ತದೆ. ನನ್ನ ನೋಟ್‌ಬುಕ್‌ನ ತಪ್ಪು ಅಲ್ಲೇ ಇತ್ತು. ಪ್ಯಾರಾ ಪ್ಯಾರಾ ಬರೆದೆ, ಗಿಡದ ಹೆಸರು ಬಿಟ್ಟುಹೋದದ್ದು ಕಾಣಲೇ ಇಲ್ಲ.

ಆದ್ದರಿಂದ ಒಂದು ಸ್ಪ್ರೆಡ್‌ಶೀಟ್ ಮಾಡಿ. ಒಂದು ಪೇಪರ್‌ಗೆ ಒಂದು ಸಾಲು. ಕಾಲಂ ಯಾವುವು ಅನ್ನುವುದು ನಿಮ್ಮ ಪ್ರಶ್ನೆಯಿಂದ ಬರಬೇಕು, ಯಾರೋ ಕೊಟ್ಟ ಮಾದರಿಯಿಂದ ಅಲ್ಲ. ನನ್ನ ಪ್ರಶ್ನೆ ಕಾಡು ಮತ್ತು ಕಾಯಿಯದ್ದು, ಆದ್ದರಿಂದ ನನ್ನವು ಹೀಗಿದ್ದವು: ಗಿಡ, ಜಾಗ, ಎಷ್ಟು ತೋಟ, ಯಾವುದನ್ನು ಯಾವುದಕ್ಕೆ ಹೋಲಿಸಿದರು, ಏನು ಅಳೆದರು ಮತ್ತು ಯಾವಾಗ, ಸಿಕ್ಕಿದ ಅಂಕಿ, ಆ ಅಂಕಿ ಇರುವ ಪುಟ. ಕಾಲಂ ಹತ್ತು ದಾಟಿದರೆ ಯಾರೂ ತುಂಬುವುದಿಲ್ಲ, ನಾನೂ ತುಂಬಲಿಲ್ಲ.

'ಯಾವಾಗ' ಅನ್ನುವ ಪದ ಅಲ್ಲಿ ಯಾಕೆ ಬಂತು ಅಂತ ಹೇಳಬೇಕು. ಒಂದು ಪೇಪರ್‌ನವರು ಹೂವು ಎಣಿಸಿ, ಕೆಲವು ವಾರದ ನಂತರ ಎಷ್ಟು ಕಾಯಿ ಕಚ್ಚಿತು ಅಂತ ಎಣಿಸುತ್ತಾರೆ. ಇನ್ನೊಬ್ಬರು ಕೊಯ್ಲಿನ ತನಕ ಕಾದು ಹಣ್ಣು ತೂಗುತ್ತಾರೆ. ನಮ್ಮಲ್ಲಿ ಜುಲೈ ಮಳೆಗೆ ಎಷ್ಟು ಕಾಯಿ ಉದುರುತ್ತದೆ ಅಂತ ನಿಮಗೆ ಗೊತ್ತು. ಏಪ್ರಿಲ್‌ನಲ್ಲಿ ಎಣಿಸಿದ ಕಾಯಿ ಡಿಸೆಂಬರ್‌ನ ಚೀಲ ಅಲ್ಲ. ಆದರೆ ರಿವ್ಯೂಗಳಲ್ಲಿ ಈ ಎರಡನ್ನೂ 'ಜಾಸ್ತಿ ಆಯಿತು' ಅನ್ನುವ ಒಂದೇ ಬುಟ್ಟಿಗೆ ಹಾಕಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆ ಕೋಸ್ಟರಿಕಾ ಪೇಪರ್‌ನ ಸಾಲು ಈಗ ನನ್ನ ಶೀಟ್‌ನಲ್ಲಿ ಹೀಗಿದೆ. ಗಿಡ: ಅರೇಬಿಕಾ. ಜಾಗ: ಕೋಸ್ಟರಿಕಾ. ತೋಟ: ಒಂದು. ಹೋಲಿಕೆ: ಕಾಡಿನ ಹತ್ತಿರ ಮತ್ತು ದೂರ, ಕೈಯಿಂದ ಪರಾಗ ಹಚ್ಚಿದ್ದು ಮತ್ತು ಹಾಗೇ ಬಿಟ್ಟದ್ದು. ಅಳತೆ: ಇಳುವರಿ, ಪೀಬೆರಿ. ಅಂಕಿ: ಸುಮಾರು 1 ಕಿ.ಮೀ. ಒಳಗೆ ಶೇ. 20 ಜಾಸ್ತಿ. ಪುಟ: 12579. ಕೊನೆಯ ಕಾಲಂ 'ನನ್ನ ಮಾತು'. ಅದರಲ್ಲಿ: "ಒಂದೇ ತೋಟ. ರೋಬಸ್ಟಾಕ್ಕೆ ಹಚ್ಚಬಾರದು."

ಆ ಕೊನೆಯ ಕಾಲಂ ಬೇರೆಯಾಗಿಯೇ ಇರಲಿ. ಒಮ್ಮೆ ನಾನು ಓದುತ್ತಾ ಓದುತ್ತಾ "ರೋಬಸ್ಟಾದಲ್ಲಿ ಇನ್ನೂ ಜಾಸ್ತಿ ಇರಬೇಕು" ಅಂತ ಪಕ್ಕದಲ್ಲಿ ಗೀಚಿದ್ದೆ. ಆರು ವಾರ ಬಿಟ್ಟು ನೋಡಿದಾಗ ಅದು ಪೇಪರ್‌ನ ಮಾತು ಅಂತಲೇ ಅನ್ನಿಸಿ ಡ್ರಾಫ್ಟ್‌ಗೆ ಸೇರಿಸಿಬಿಟ್ಟೆ, ಲೇಖಕರ ಹೆಸರು ಹಾಕಿ! ಇನ್ನೊಂದು ಉಲ್ಟಾ ಅಪಾಯವೂ ಇದೆ. ಪೇಪರ್‌ನಿಂದ ಕಾಪಿ ಮಾಡಿ ಅಂಟಿಸಿದ ಸಾಲು ನಿಮ್ಮದೇ ವಾಕ್ಯದಂತೆ ಕಾಣತೊಡಗುತ್ತದೆ. ಆಮೇಲೆ ಅದು ಕಳ್ಳತನವಾಗುತ್ತದೆ, ನೀವು ಕದಿಯಬೇಕು ಅಂತ ಅಂದುಕೊಂಡಿರದಿದ್ದರೂ. ಹಾಗಾಗಿ ಅವರ ವಾಕ್ಯ ತಂದರೆ ಆ ಕ್ಷಣದಲ್ಲೇ ಉದ್ಧರಣ ಚಿಹ್ನೆ ಮತ್ತು ಪುಟ. ಆಮೇಲೆ ಹಾಕುತ್ತೇನೆ ಅನ್ನಬೇಡಿ.

ಟಿಪ್ಪಣಿ ಕನ್ನಡದಲ್ಲಿ ಬರೆಯಬಹುದಾ ಅಂತ ಹಿಂದೊಮ್ಮೆ ಒಬ್ಬರು ಕೇಳಿದ್ದರು. ಬರೆಯಿರಿ. ನಾನು ಹಾಗೇ ಮಾಡುವುದು. ಕನ್ನಡದಲ್ಲಿ ಬರೆಯಬೇಕಾದರೆ ಅರ್ಥ ಆಗಿರಲೇಬೇಕು, ಅವರ ಇಂಗ್ಲಿಷ್ ವಾಕ್ಯ ಎತ್ತಿ ಇಡಲು ಆಗುವುದಿಲ್ಲ. ಗಿಡ, ಕೀಟದ ವೈಜ್ಞಾನಿಕ ಹೆಸರು ಮಾತ್ರ ಇದ್ದಂತೆ ಇಡಿ. ನಮ್ಮ ಹೆಜ್ಜೇನು `Apis dorsata`, ತುಡುವೆ `Apis cerana`. ಶೀಟ್‌ನಲ್ಲಿ ಸುಮ್ನೆ 'ಜೇನು' ಅಂತ ಬರೆದರೆ ಯಾವ ಜೇನು ಅಂತ ಮತ್ತೆ ಪೇಪರ್ ತೆರೆಯಬೇಕಾಗುತ್ತದೆ.

ಫೈಲ್‌ಗಳ ಹೆಸರಿಗೆ ಬರೋಣ. ಇಲ್ಲಿ ನನ್ನನ್ನು ಕಾಡಿದ್ದು ಕ್ಲೈನ್ ಅನ್ನುವ ಹೆಸರು. ಇಂಡೋನೇಷ್ಯಾದ ಸುಲಾವೆಸಿಯಲ್ಲಿ ಕಾಫಿ ಮತ್ತು ಜೇನಿನ ಮೇಲೆ ಕೆಲಸ ಮಾಡಿದ ವಿಜ್ಞಾನಿ. ಕ್ಲೈನ್ ಮತ್ತು ಅದೇ ಇಬ್ಬರು ಜೊತೆಗಾರರು 2003ರಲ್ಲಿ, ಒಂದೇ ವರ್ಷದಲ್ಲಿ, ಕಾಫಿ ಪರಾಗಸ್ಪರ್ಶದ ಬಗ್ಗೆ ಮೂರು ಪೇಪರ್ ಬರೆದರು. ಒಂದು ಎತ್ತರದ ಜಾಗದ ಅರೇಬಿಕಾ ಬಗ್ಗೆ. ಒಂದು ತಗ್ಗಿನ ರೋಬಸ್ಟಾ ಬಗ್ಗೆ. ಮೂರನೆಯದು ಎರಡೂ ಗಿಡದ ಬಗ್ಗೆ. ನನ್ನ ಟಿಪ್ಪಣಿಯಲ್ಲಿ "ಕ್ಲೈನ್ 2003: ಜೇನಿನ ಜಾತಿ ಜಾಸ್ತಿ ಆದಂತೆ ಕಾಯಿ ಶೇ. 60ರಿಂದ 90ಕ್ಕೆ" ಅಂತ ಇತ್ತು. ಯಾವ ಕ್ಲೈನ್ 2003? ಅದು ಅರೇಬಿಕಾದ್ದು. 24 ತೋಟ ನೋಡಿದ್ದಾರೆ, ಮೂರು ಜಾತಿಯ ಜೇನು ಬರುವಲ್ಲಿ ಸುಮಾರು ಶೇ. 60 ಕಾಯಿ, 20 ಜಾತಿ ಬರುವಲ್ಲಿ ಶೇ. 90. ನಾನು ಅದನ್ನು ರೋಬಸ್ಟಾ ಪ್ಯಾರಾದಲ್ಲಿ ಹಾಕಿದ್ದೆ. ಒಂದೇ ಡ್ರಾಫ್ಟ್‌ನಲ್ಲಿ ಅದೇ ತಪ್ಪು ಎರಡನೇ ಸಲ.

ಈಗ ಫೈಲ್ ಇಳಿಸಿದ ಕೂಡಲೇ ಹೆಸರು ಬದಲಾಯಿಸುತ್ತೇನೆ:

```
klein2003a_arabica_sulawesi.pdf
klein2003b_canephora_sulawesi.pdf
klein2003c_both_sulawesi.pdf
```

ಇದೇ `klein2003a` ಅನ್ನುವುದು ಶೀಟ್‌ನ ಮೊದಲ ಕಾಲಂ, ಡ್ರಾಫ್ಟ್‌ನಲ್ಲೂ ಅದೇ. ಮೂರೂ ಕಡೆ ಒಂದೇ ಗುರುತು ಇದ್ದರೆ ಹುಡುಕುವುದು ಅನ್ನುವ ಕೆಲಸವೇ ಇರುವುದಿಲ್ಲ. ಉಲ್ಲೇಖ ಸಂಗ್ರಹಿಸಲು ಜೊಟೆರೊ ಬಳಸಿ, ಅದು ಉಚಿತ. ಪೇಪರ್‌ನ ಖಾಯಂ ಗುರುತಾದ ಡಿಒಐ ಸಂಖ್ಯೆ ಕೊಟ್ಟರೆ ಲೇಖಕ, ವರ್ಷ, ಪತ್ರಿಕೆ ಎಲ್ಲ ತಾನೇ ತುಂಬಿಕೊಳ್ಳುತ್ತದೆ. ಉಚಿತ ಖಾತೆಯಲ್ಲಿ ಫೈಲ್ ಸಿಂಕ್ ಮಾಡಲು ಸಿಗುವುದು 300 ಎಂಬಿ, ಅದು ಬೇಗ ಮುಗಿಯುತ್ತದೆ. ಆದರೆ ಫೈಲ್‌ಗಳು ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇರುತ್ತವೆ, ನೆಟ್ ಇಲ್ಲದೆಯೂ ತೆರೆಯುತ್ತವೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್, ಟವರ್ ಎರಡೂ ಇಲ್ಲದ ಊರಿನವರಿಗೆ ಇದು ಸಣ್ಣ ಮಾತಲ್ಲ. ಜೂನ್ ಬರುವ ಮೊದಲು ಪೂರ್ತಿ ಓದಬೇಕಾದ ಹತ್ತನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ ಅಂತಲೂ ಹೇಳುತ್ತೇನೆ.

ಇನ್ನೊಂದೇ ವಿಷಯ. ಒಂದು ಪೇಪರ್ ಮುಖ್ಯ ಅನ್ನಿಸಿದರೆ ಅದನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆ ಅಂತ ನೋಡಿ. ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಪೇಪರ್ ಕೆಳಗೆ `Cited by` ಅಂತ ಇರುತ್ತದೆ, ಒತ್ತಿ. ಆ ಪಟ್ಟಿ ಉದ್ದ ಇದ್ದರೆ ಅದರೊಳಗೇ ಮತ್ತೆ ಪದ ಹಾಕಿ ಹುಡುಕಬಹುದು. 60,000 ಡಾಲರ್‌ನ ಆ ಕೋಸ್ಟರಿಕಾ ತೋಟದ ಕಥೆ ಹೀಗೆ ಹುಡುಕಿದಾಗಲೇ ನನಗೆ ಸಿಕ್ಕಿದ್ದು. ಅಧ್ಯಯನ ಮುಗಿದ ಸ್ವಲ್ಪ ಸಮಯಕ್ಕೆ ಕಾಫಿ ಬೆಲೆ ಬಿದ್ದಿತ್ತು, ಆ ತೋಟದವರು ಕಾಫಿ ಕಿತ್ತು ಅನಾನಸ್ ಹಾಕಿದರು. ಅನಾನಸ್‌ಗೆ ಜೇನು ಬೇಕಾಗಿಲ್ಲ. ಅಂದರೆ ಕಾಡಿನ ಜೇನಿನ ಲೆಕ್ಕದಲ್ಲಿ ಆ ತೋಟಕ್ಕೆ ಸಿಗುತ್ತಿದ್ದ ಲಾಭ ಸೊನ್ನೆ. ಇದನ್ನು ಮೆಕಾಲಿ ಅನ್ನುವವರು 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. ಕಾಡಿಗೆ ಹೀಗೆ ಬೆಲೆ ಕಟ್ಟುವುದರ ಅಪಾಯ ಏನು ಅಂತ ಅವರ ವಾದ. ಅವರ ವಾದವನ್ನು ನೀವು ಒಪ್ಪಿ, ಬಿಡಿ. ಆದರೆ ಆ 60,000 ಡಾಲರ್ ಅನ್ನು ಈಗಲೂ ನಡೆಯುತ್ತಿರುವ ಲೆಕ್ಕ ಅನ್ನುವಂತೆ ಬರೆಯಲು ಬರುವುದಿಲ್ಲ.

ಹಿಂದಕ್ಕೂ ಹೀಗೇ ಹೋಗಬೇಕು. ಒಂದು ಪೇಪರ್‌ನವರು "ರಿಕೆಟ್ಸ್ ಹೀಗೆ ಹೇಳಿದ್ದಾರೆ" ಅಂದರೆ ರಿಕೆಟ್ಸ್ ಅನ್ನೇ ತೆರೆದು ನೋಡಿ. 'ಅರೇಬಿಕಾದಲ್ಲಿ, ಒಂದು ತೋಟದಲ್ಲಿ, ಒಂದು ಕಿಲೋಮೀಟರ್ ಒಳಗೆ' ಅನ್ನುವುದು ಎರಡು ಕೈ ದಾಟುವಷ್ಟರಲ್ಲಿ 'ಕಾಫಿಯಲ್ಲಿ ಶೇ. 20' ಆಗಿರುತ್ತದೆ. ನನ್ನ ಸ್ಲೈಡ್‌ನಲ್ಲಿ ಆಗಿದ್ದೂ ಅದೇ.

ಹಿಂದಕ್ಕೆ, ಮುಂದಕ್ಕೆ ಹುಡುಕಿದಾಗ ಬರುವ ಹೆಸರುಗಳೆಲ್ಲ ಆಗಲೇ ನಿಮ್ಮ ಶೀಟ್‌ನಲ್ಲಿ ಇದ್ದರೆ ಹುಡುಕುವುದು ಸಾಕು ಅಂತ ಅರ್ಥ. ಟಿಪ್ಪಣಿ ಸರಿ ಇದೆಯಾ ಅಂತ ತಿಳಿಯಲು ನನ್ನದೊಂದು ಪರೀಕ್ಷೆ ಇದೆ. ಮೂರು ವಾರ ಹಳೆಯ ಒಂದು ಸಾಲು ತೆಗೆದುಕೊಳ್ಳಿ. ಪೇಪರ್ ತೆರೆಯದೆ ಅದರಿಂದ ರಿವ್ಯೂಗೆ ಒಂದು ವಾಕ್ಯ ಬರೆಯಿರಿ. ಆಗಲಿಲ್ಲ ಅಂದರೆ ಯಾವ ಕಾಲಂ ಇಲ್ಲದೆ ಆಗಲಿಲ್ಲ ಅಂತ ನೋಡಿ.

ಎರಡನೇ ಮೀಟಿಂಗ್‌ಗೆ ನಾನು ಶೀಟ್ ತಂದಿದ್ದೆ. ಮೇಡಂ ಎದುರಿಗೇ 'ಗಿಡ' ಕಾಲಂ ಮೇಲೆ ಸಾರ್ಟ್ ಒತ್ತಿದೆ. ಅರೇಬಿಕಾ ಸಾಲುಗಳು ಒಂದು ಕಡೆ ಹೋದವು, ರೋಬಸ್ಟಾ ಉಳಿದವು. ಐದೇ ಐದು. ಅರವತ್ತು ಪೇಪರ್ ಹಿಡಿದು ಓಡಾಡಿದವರಿಗೆ ನಿಜಕ್ಕೂ ಬೇಕಾಗಿದ್ದದ್ದು ಐದು. ಮೇಡಂ ನೋಡಿದರು, ತಲೆಯಾಡಿಸಿದರು. ಆಮೇಲೆ ಕೇಳಿದರು: "ಇವುಗಳಲ್ಲಿ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಿದ ತೋಟ ಯಾವುದು, ಮಳೆಗೆ ಹೂ ಬಿಟ್ಟದ್ದು ಯಾವುದು?"

ಅದಕ್ಕೆ ನನ್ನಲ್ಲಿ ಕಾಲಂ ಇರಲಿಲ್ಲ. ಸ್ಪ್ರಿಂಕ್ಲರ್ ಹಾಕಿದ ತೋಟ ಒಂದೊಂದಾಗಿ, ಬೇರೆ ಬೇರೆ ದಿನ ಹೂ ಬಿಡುತ್ತದೆ. ಮಳೆಗಾದರೆ ಸುತ್ತಲಿನ ತೋಟವೆಲ್ಲ ಒಟ್ಟಿಗೆ. ಜೇನು ಎಲ್ಲಿಗೆ ಹೋಗುತ್ತದೆ ಅನ್ನುವುದು ಅದರ ಮೇಲೂ ನಿಂತಿರುತ್ತದೆ. ಹೊಸ ಕಾಲಂ ಸೇರಿಸಿ, ಆ ಐದು ಫೈಲ್ ಮಾತ್ರ ತೆರೆದು ಮೆಥಡ್ಸ್ ಓದಿದೆ. ಸಂಜೆ ಕಾಫಿ ಹೊತ್ತಿಗೆ ನಾಲ್ಕು ತುಂಬಿತ್ತು. ಐದನೆಯದರಲ್ಲಿ ಲೇಖಕರೇ ಅದನ್ನು ಬರೆದಿರಲಿಲ್ಲ. ಅಲ್ಲಿ "ಹೇಳಿಲ್ಲ" ಅಂತ ಹಾಕಿದೆ.